ಒಂದೇ ಪರೀಕ್ಷೆ, ಮೂರು ಎಕ್ಸ್‌ಪೈರಿ ಡೇಟ್

ಯುಜಿಸಿ ನೆಟ್ ಅನ್ನೋದು ಮೂರು ಗಂಟೆಯ ಪರೀಕ್ಷೆ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಎರಡನೆಯದರಲ್ಲಿ 100. ಪ್ರತಿ ಪ್ರಶ್ನೆಗೆ 2 ಅಂಕ, ಒಟ್ಟು 300. ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಈ ಒಂದೇ ಪರೀಕ್ಷೆಯಲ್ಲಿ ಬರೋ ಒಂದೇ ಅಂಕಕ್ಕೆ ಮೂರು ಬೇರೆ ಬೇರೆ ಆಯಸ್ಸು ಇದೆ ಅನ್ನೋದು, ಬರೆಯೋ ಹುಡುಗರಿಗೇ ಎಷ್ಟೋ ಸಲ ರಿಸಲ್ಟ್ ಬಂದ ಮೇಲೆ ಗೊತ್ತಾಗುತ್ತೆ.

ಅಸಿಸ್ಟೆಂಟ್ ಪ್ರೊಫೆಸರ್ ಆಗೋಕೆ ಅರ್ಹತೆ ಅಂತ ಬಂದ ಸರ್ಟಿಫಿಕೇಟ್‌ಗೆ ಕೊನೆ ದಿನಾಂಕ ಇಲ್ಲ, ಅದು ಜೀವಮಾನ ಪೂರ್ತಿ ನಡೆಯುತ್ತೆ. ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆಆರ್‌ಎಫ್, ಸಿಕ್ಕಿದವರ ಅವಾರ್ಡ್ ಲೆಟರ್ ಕೊಟ್ಟ ದಿನದಿಂದ ಮೂರು ವರ್ಷ. ಮೊದಲು ಎರಡೇ ವರ್ಷ ಇತ್ತು, ಆಮೇಲೆ ಮೂರು ಮಾಡಿದರು. ಜೆಆರ್‌ಎಫ್ ಸಿಗದೆ, ನೆಟ್ ಅಂಕವನ್ನ ಪಿಎಚ್‌ಡಿ ಪ್ರವೇಶಕ್ಕೆ ಬಳಸ್ತೀನಿ ಅನ್ನೋರಿಗೆ ಒಂದೇ ವರ್ಷ. ಈ ಮೂರನೆಯದು 2024ರ ಮಾರ್ಚ್‌ನಲ್ಲಿ ಯುಜಿಸಿ ತಂದ ಬದಲಾವಣೆ. ವಿಶ್ವವಿದ್ಯಾಲಯಗಳು ತಮ್ಮ ತಮ್ಮ ಪ್ರವೇಶ ಪರೀಕ್ಷೆ ಮಾಡೋ ಬದಲು ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ ಕೊಟ್ಟು ಸೀಟು ಹಂಚಲಿ ಅನ್ನೋದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಹತ್ತು ಯೂನಿವರ್ಸಿಟಿಗೆ ಹತ್ತು ಸಲ ಬಸ್ ಹತ್ತಿ ಪರೀಕ್ಷೆ ಬರೆಯೋದು ತಪ್ಪಿತು.

ನಾನು ಬಿಇ ಮಾಡಿ ಸಾಫ್ಟ್‌ವೇರ್‌ಗೆ ಬಂದವನು. ನನಗೆ ಗೊತ್ತಿದ್ದ ಪರೀಕ್ಷೆ ಅಂದರೆ ಗೇಟ್. ಅದರ ಸ್ಕೋರಿಗೂ ಮೂರು ವರ್ಷ ಆಯಸ್ಸು. ನನ್ನದು ಕೆಲಸ ಸಿಕ್ಕಿದ ಖುಷಿಯಲ್ಲಿ ಫೈಲೊಳಗೇ ತೀರಿಕೊಂಡಿತು, ನಾನು ಅತ್ತಿದ್ದೇನೂ ಇಲ್ಲ. ನೆಟ್ ಕಡೆ ಗಮನ ಹೋಗಿದ್ದು ನಮ್ಮ ಚಿಕ್ಕಪ್ಪನ ಮಗಳಿಂದ. ಕನ್ನಡ ಎಂಎ ಮಾಡಿದಾಳೆ. ನೆಟ್‌ನಲ್ಲಿ ಕನ್ನಡಕ್ಕೆ ವಿಷಯ ಸಂಖ್ಯೆ 21. ಅವಳು 2024ರ ಜೂನ್ ಸುತ್ತಿನಲ್ಲಿ ಬರೆದವಳು. ಆ ಸುತ್ತಿನ ಕಥೆ ನಿಮಗೆ ನೆನಪಿರಬಹುದು. ಜೂನ್ 18ಕ್ಕೆ ಪರೀಕ್ಷೆ ಆಯ್ತು, ಮಾರನೇ ದಿನ ರದ್ದಾಯ್ತು. ಆಗಸ್ಟ್ 21ರಿಂದ ಸೆಪ್ಟೆಂಬರ್ ಮೊದಲ ವಾರದವರೆಗೆ ಕಂಪ್ಯೂಟರ್‌ನಲ್ಲಿ ಮತ್ತೆ ನಡೆಸಿದರು. ಫಲಿತಾಂಶ ಅಕ್ಟೋಬರ್‌ನಲ್ಲಿ ಬಂತು. ಜೆಆರ್‌ಎಫ್ ಸಿಕ್ತು. ಲೆಟರ್ ಕೈಗೆ ಬಂದಾಗ ಡಿಸೆಂಬರ್.

ಫೋನ್ ಮಾಡಿ ಕೇಳಿದ್ದು ಒಂದೇ ಮಾತು, 'ಅಣ್ಣಾ, ದುಡ್ಡು ಯಾವಾಗಿಂದ ಬರುತ್ತೆ?'

ಹಿಂದಿನಿಂದ ಚಿಕ್ಕಪ್ಪನ ದನಿ. ಅವರು ಅರಸೀಕೆರೆ ಕಡೆ ತೆಂಗು ಬೆಳೆಯೋರು, ಕೊಬ್ಬರಿ ಲೆಕ್ಕದಲ್ಲೇ ಲೋಕವನ್ನ ಅಳೆಯೋ ಮನುಷ್ಯ. 'ಅಟ್ಟದ ಮೇಲೆ ಎಷ್ಟು ದಿನ ಇಡಬಹುದು ಅಂತ ಕೇಳಮ್ಮಾ ಅದನ್ನ' ಅಂದರು.

ಇಬ್ಬರ ಪ್ರಶ್ನೆಯೂ ಸರಿಯಾದದ್ದೇ. ದುಡ್ಡು ಯಾವಾಗಿಂದ, ಲೆಟರ್ ಎಲ್ಲೀವರೆಗೆ. ನಿಯಮದಲ್ಲಿ ಉತ್ತರ ಸ್ಪಷ್ಟವಾಗೇ ಇದೆ. ಲೆಟರ್ ಬಂದ ಮಾತ್ರಕ್ಕೆ ಒಂದು ರೂಪಾಯಿಯೂ ಬರಲ್ಲ. ಅದು ಚೆಕ್ ಅಲ್ಲ, ಮೂರು ವರ್ಷದೊಳಗೆ ಎಲ್ಲಾದರೂ ಪಿಎಚ್‌ಡಿಗೆ ಸೇರಿದರೆ ದುಡ್ಡು ಕೊಡ್ತೀವಿ ಅನ್ನೋ ಮಾತು, ಅಷ್ಟೆ. ಸೇರಿದ ದಿನದಿಂದ ಫೆಲೋಶಿಪ್ ಶುರು. ಲೆಟರ್ ಬಂದ ದಿನಕ್ಕೂ ಸೇರಿದ ದಿನಕ್ಕೂ ನಡುವೆ ಎಷ್ಟು ತಿಂಗಳು ಕಳೆದರೂ ಅದಕ್ಕೆ ಬಾಕಿ ಅಂತ ಏನೂ ಬರೋದಿಲ್ಲ. ಮೊದಲೇ ಪಿಎಚ್‌ಡಿಗೆ ಸೇರಿ ಆಮೇಲೆ ನೆಟ್ ಬರೆದವರದ್ದು ಬೇರೆ ಲೆಕ್ಕ. ಫಲಿತಾಂಶದ ದಿನ, ಸೇರಿದ ದಿನ, ಇವೆರಡರಲ್ಲಿ ಯಾವುದು ಆಮೇಲಿನದೋ ಅಲ್ಲಿಂದ ಶುರು. 2023ರಲ್ಲೇ ಸೇರಿ 2024ರ ಅಕ್ಟೋಬರ್ ಫಲಿತಾಂಶದಲ್ಲಿ ಜೆಆರ್‌ಎಫ್ ತಗೊಂಡವರಿಗೆ ಅಕ್ಟೋಬರ್‌ನಿಂದ. ಅವರಿಗೆ ಲೆಟರ್‌ನ ಮೂರು ವರ್ಷದ ಚಿಂತೆಯೇ ಇಲ್ಲ, ಏಕೆಂದರೆ ಸೀಟು ಆಗಲೇ ಕೈಯಲ್ಲಿದೆ.

ಈಗ ದುಡ್ಡಿನ ಗಾತ್ರ ನೋಡಿ. 2023ರ ಜನವರಿಯಿಂದ ಜಾರಿಯಾದ ದರದ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷ ಆದ ಮೇಲೆ ಸಮಿತಿಯೊಂದು ಕೆಲಸ ನೋಡಿ ಒಪ್ಪಿದರೆ ಸೀನಿಯರ್ ರಿಸರ್ಚ್ ಫೆಲೋ ದರ್ಜೆ, ತಿಂಗಳಿಗೆ 42,000, ಇನ್ನು ಮೂರು ವರ್ಷ. 24 ತಿಂಗಳಿಗೆ 8,88,000. 36 ತಿಂಗಳಿಗೆ 15,12,000. ಕೂಡಿಸಿದರೆ ಸರಿಯಾಗಿ 24 ಲಕ್ಷ. ಇದರ ಮೇಲೆ ಊರಿನ ದರ್ಜೆಗೆ ತಕ್ಕ ಮನೆ ಬಾಡಿಗೆ ಭತ್ಯೆ, ಪುಸ್ತಕ ಓಡಾಟಕ್ಕೆ ಕಂಟಿಂಜೆನ್ಸಿ. ನಮ್ಮ ಟೆಕ್ ಪಾರ್ಕ್ ಲೆಕ್ಕದಲ್ಲಿ ಇದು ಹಗುರ ಅನ್ನಿಸಬಹುದು. ಆದರೆ ಹಳ್ಳಿಯಿಂದ ಬಂದು ಕನ್ನಡದಲ್ಲಿ ಎಂಎ ಮಾಡಿದ ಹುಡುಗಿಗೆ ಓದುತ್ತಾ ಓದುತ್ತಾ ತಿಂಗಳಿಗೆ 37,000 ಕೊಡೋ ಇನ್ನೊಂದು ಜಾಗ ತೋರಿಸಿ ನೋಡೋಣ. ಅದಕ್ಕೇ ಹೇಳೋದು, ಆ ಲೆಟರ್ ಅಂದರೆ 24 ಲಕ್ಷ ಅಂತ. ಅದು ಮೂರು ವರ್ಷದಲ್ಲಿ ದುಡ್ಡಾಗಬೇಕು, ಇಲ್ಲಾಂದ್ರೆ ಬರೀ ಕಾಗದ.

ಮೂರು ವರ್ಷ ಸಾಲದಾ ಅಂತ ನನ್ನ ಸಹೋದ್ಯೋಗಿಯೊಬ್ಬರು ಕೇಳಿದರು. ಸೋಮಾರಿಗಳಿಗೆ ಮಾತ್ರ ಸಾಲಲ್ಲ ಅನ್ನೋ ಧಾಟಿಯಲ್ಲಿ. ನನಗೂ ಮೊದಮೊದಲು ಹಾಗೇ ಅನ್ನಿಸಿತ್ತು. ಆದರೆ ಲೆಟರ್ ದುಡ್ಡಾಗೋದು ಅಭ್ಯರ್ಥಿಯ ಚುರುಕಿನ ಮೇಲಲ್ಲ, ಸೀಟಿನ ಮೇಲೆ. ಸೀಟು ನಿಂತಿರೋದು ಗೈಡ್ ಮೇಲೆ. ಗೈಡ್‌ಗೆ ಎಷ್ಟು ಜನ ಅನ್ನೋದನ್ನ ಯುಜಿಸಿಯದ್ದೇ 2022ರ ಪಿಎಚ್‌ಡಿ ನಿಯಮಾವಳಿ ಕಟ್ಟಿಹಾಕಿದೆ. ಪ್ರೊಫೆಸರ್ ಒಂದೇ ಹೊತ್ತಿಗೆ 8 ಜನರನ್ನ ಇಟ್ಕೋಬಹುದು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4. ಕಾಯಂ ಅಧ್ಯಾಪಕರೇ ಆಗಬೇಕು, ಅತಿಥಿ ಉಪನ್ಯಾಸಕರಿಗೆ ಅವಕಾಶ ಇಲ್ಲ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇದ್ದರೆ ಹೊಸಬರನ್ನ ತಗೊಳ್ಳೋ ಹಾಗಿಲ್ಲ. ಪಿಎಚ್‌ಡಿಗೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು. ಹೆಣ್ಣುಮಕ್ಕಳಿಗೆ ಇನ್ನೂ ಎರಡು ವರ್ಷ ರಿಯಾಯಿತಿ ಇದೆ.

ಈ ಒಂದೊಂದು ನಿಯಮವೂ ಬಿಡಿಬಿಡಿಯಾಗಿ ನೋಡಿದರೆ ನ್ಯಾಯವಾದದ್ದೇ. ಒಬ್ಬ ಗೈಡ್ ಕೈಕೆಳಗೆ ಇಪ್ಪತ್ತು ಜನ ಇದ್ದರೆ ಯಾರ ಪ್ರಬಂಧವನ್ನೂ ಯಾರೂ ಓದಲ್ಲ. ಆದರೆ ಇವನ್ನೆಲ್ಲ ಒಟ್ಟಿಗೆ ಒಂದು ಸಣ್ಣ ವಿಭಾಗದ ಮೇಲೆ ಇಟ್ಟು ನೋಡಿ. ನಮ್ಮ ಹುಡುಗಿ ಅರ್ಜಿ ಹಾಕಿದ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಇಬ್ಬರೇ. ಉಳಿದ ಪಾಠವೆಲ್ಲ ಅತಿಥಿಗಳ ಹೆಗಲ ಮೇಲೆ. ಇಬ್ಬರಲ್ಲಿ ಒಬ್ಬರು ಪ್ರೊಫೆಸರ್, ನಿವೃತ್ತಿಗೆ ಎರಡು ವರ್ಷ. ಹಾಗಾಗಿ ಅವರ 8 ಸೀಟು ಹೊಸಬರ ಪಾಲಿಗೆ ಸೊನ್ನೆ. ಇನ್ನೊಬ್ಬರು ಅಸಿಸ್ಟೆಂಟ್ ಪ್ರೊಫೆಸರ್, 4 ಸೀಟು, ನಾಲ್ಕೂ ಭರ್ತಿ.

ನಾವು ಸಿಸ್ಟಮ್ ಡಿಸೈನ್‌ನಲ್ಲಿ ಮಾಡೋ ಲೆಕ್ಕವನ್ನೇ ಇಲ್ಲಿ ಮಾಡಬಹುದು. ನಾಲ್ಕು ಸ್ಲಾಟ್ ಇದೆ, ಒಂದೊಂದರಲ್ಲಿ ಕೂತವರು ಆರು ವರ್ಷ ಕೂರ್ತಾರೆ ಅಂದ್ಕೊಳ್ಳಿ. ಆಗ ಆರು ವರ್ಷಕ್ಕೆ ನಾಲ್ಕು ಸೀಟು ಖಾಲಿಯಾಗುತ್ತೆ, ಸರಾಸರಿ ಹದಿನೆಂಟು ತಿಂಗಳಿಗೆ ಒಂದು. ಎಲ್ಲರೂ ನಾಲ್ಕೇ ವರ್ಷದಲ್ಲಿ ಮುಗಿಸೋ ಸ್ವರ್ಗದಲ್ಲೂ ವರ್ಷಕ್ಕೆ ಒಂದು. ಅಂದರೆ ಈ ಲೆಟರ್‌ನ ಇಡೀ ಮೂರು ವರ್ಷದ ಆಯಸ್ಸಿನಲ್ಲಿ ಆ ವಿಭಾಗದ ಬಾಗಿಲು ಎರಡು ಸಲ, ಹೆಚ್ಚೆಂದರೆ ಮೂರು ಸಲ ತೆರೆಯುತ್ತೆ. ಆ ಒಂದು ಸೀಟಿಗೆ ಜೆಆರ್‌ಎಫ್ ಇರೋ ಬೇರೆಯವರೂ ಬರ್ತಾರೆ, ಮೀಸಲಾತಿಯ ರೋಸ್ಟರ್ ಪ್ರಕಾರ ಆ ಸಲ ಸೀಟು ಯಾರ ಪಾಲಿನದೋ ನೋಡಬೇಕು. ಜೆಆರ್‌ಎಫ್ ಇದ್ದರೂ ಸಂದರ್ಶನ ತಪ್ಪಲ್ಲ. ನಾಲ್ಕು ಸೀಟಿನ ಲೆಕ್ಕವೂ ಸಮವಾಗಿ ಹರಡಿ ಬರಲ್ಲ. ನಾಲ್ವರೂ ಒಂದೇ ವರ್ಷ ಸೇರಿದ್ದರೆ ಅವರು ಹೊರಗೆ ಬರೋವರೆಗೂ ಬಾಗಿಲು ಪೂರ್ತಿ ಬಂದ್. ಅಷ್ಟರಲ್ಲಿ ನಿಮ್ಮ ಲೆಟರ್ ಹುಟ್ಟಿ ಸತ್ತಿರುತ್ತೆ.

ನನ್ನ ತಕರಾರು ಇರೋದು ಇಲ್ಲೇ. ಗಡಿಯಾರ ಕಟ್ಟಿರೋದು ಅಭ್ಯರ್ಥಿಯ ಕೈಗೆ. ಗಡಿಯಾರ ಓಡೋವಾಗ ನಡೀಬೇಕಾದ ಕೆಲಸ ಎಲ್ಲ ಬೇರೆಯವರದ್ದು. ಪ್ರಕಟಣೆ ಹೊರಡಿಸೋದು ವಿಶ್ವವಿದ್ಯಾಲಯ, ಖಾಲಿ ಹುದ್ದೆ ತುಂಬೋದು ಸರ್ಕಾರ, ಗೈಡ್ ಎಷ್ಟು ಜನರನ್ನ ತಗೋಬೇಕು ಅಂತ ಹೇಳೋದು ಯುಜಿಸಿ, ಪರೀಕ್ಷೆ ರದ್ದು ಮಾಡಿ ಎರಡು ತಿಂಗಳು ಮುಂದೆ ತಳ್ಳೋದು ಕೂಡ ಮೇಲಿನವರೇ. ಇವರಲ್ಲಿ ಯಾರು ತಡ ಮಾಡಿದರೂ ತಿಂಗಳು ಕಳೆಯೋದು ಹುಡುಗಿಯ ಲೆಟರ್‌ನಿಂದ. ಚಿಕ್ಕಪ್ಪನ ಭಾಷೆಯಲ್ಲಿ ಹೇಳೋದಾದರೆ, ಸಂತೆ ಕೂಡಿಸದೇ ಇದ್ದವರು ನಾವಲ್ಲ, ಅಟ್ಟದಲ್ಲಿ ಕೊಬ್ಬರಿ ಕೆಡ್ತಾ ಇರೋದು ಮಾತ್ರ ನಮ್ಮದು.

ಆಯಸ್ಸೇ ಇರಬಾರದು ಅಂತ ನಾನು ಹೇಳ್ತಿಲ್ಲ. ಫೆಲೋಶಿಪ್‌ಗಳ ಸಂಖ್ಯೆಗೆ ಮಿತಿ ಇದೆ, ಬಜೆಟ್ ಹಾಕೋರಿಗೆ ಯಾವ ವರ್ಷ ಎಷ್ಟು ಜನ ದುಡ್ಡು ಕೇಳ್ತಾರೆ ಅನ್ನೋ ಅಂದಾಜು ಬೇಕು. ಹತ್ತು ವರ್ಷ ಜೇಬಲ್ಲಿಟ್ಕೊಂಡು ಆಮೇಲೆ ಬರ್ತೀನಿ ಅಂದರೆ ಆಗಲ್ಲ. ಆದರೆ ನಾವು ಕೆಲಸದಲ್ಲಿ ಒಂದು ಟಿಕೆಟ್‌ಗೆ ಗಡುವು ಹಾಕಿದಾಗಲೂ, ಅದು ಬೇರೆ ಟೀಮಿನ ಉತ್ತರಕ್ಕೆ ಕಾಯ್ತಿದ್ದರೆ ಗಡಿಯಾರ ನಿಲ್ಲಿಸ್ತೀವಲ್ವಾ? ಅಷ್ಟೇ ಸಾಕಿತ್ತು. ಅರ್ಜಿ ಹಾಕಿದ್ದಕ್ಕೆ, ಸೀಟು ಇಲ್ಲ ಅಂತ ವಾಪಸ್ ಬಂದಿದ್ದಕ್ಕೆ ದಾಖಲೆ ಇದ್ದರೆ ಆ ಅವಧಿಯನ್ನ ಮೂರು ವರ್ಷದಿಂದ ಕಳೀಬೇಡಿ. ಸೇರಿದ ಮೇಲೆ ಮಾತ್ರ ದುಡ್ಡು ಹೋಗೋದರಿಂದ ಇದಕ್ಕೆ ಆ ಅವಧಿಯಲ್ಲಿ ಖಜಾನೆಯಿಂದ ಒಂದು ಪೈಸೆ ಹೆಚ್ಚಿಗೆ ಖರ್ಚಿಲ್ಲ.

ಇನ್ನು ಆ ಒಂದು ವರ್ಷದವರ ಕಥೆ. ನಮ್ಮ ಹುಡುಗಿಯ ಹಾಸ್ಟೆಲ್ ರೂಮ್‌ಮೇಟ್ ಅದೇ ಸುತ್ತು, ಅದೇ ವಿಷಯ ಬರೆದಳು. ಜೆಆರ್‌ಎಫ್ ಕಟ್‌ಆಫ್‌ಗೆ 2 ಅಂಕ ಕಡಿಮೆ. ಒಂದೇ ಒಂದು ಪ್ರಶ್ನೆ. ಯಾವ ಪ್ರಶ್ನೆ ಅಂತ ಇವತ್ತಿಗೂ ಹೇಳ್ತಾಳೆ, ಮೊದಲ ಪತ್ರಿಕೆಯಲ್ಲಿ ಕೋಷ್ಟಕ ನೋಡಿ ಶೇಕಡಾವಾರು ಲೆಕ್ಕ ಹಾಕೋದು. ಸಾಹಿತ್ಯಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಅವಳಿಗೆ ಬಂದಿದ್ದು ಎರಡನೇ ದರ್ಜೆ: ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ ಮತ್ತು ಪಿಎಚ್‌ಡಿ ಪ್ರವೇಶಕ್ಕೆ ಬಳಸಬಹುದಾದ ಅಂಕ. ಇದರ ಕೆಳಗೆ ಮೂರನೇ ದರ್ಜೆ ಇದೆ, ಅವರಿಗೆ ಪಿಎಚ್‌ಡಿ ಪ್ರವೇಶ ಮಾತ್ರ.

ಎರಡನೇ ದರ್ಜೆಯೊಳಗಿನ ವಿಚಿತ್ರ ನೋಡಿ. ಕಾಲೇಜಲ್ಲಿ ಪಾಠ ಮಾಡೋಕೆ ಅವಳ ಅಂಕ ಸಾಯೋವರೆಗೂ ನಡೆಯುತ್ತೆ. 2023ರ ಜುಲೈನಿಂದ ಅಸಿಸ್ಟೆಂಟ್ ಪ್ರೊಫೆಸರ್ ನೇಮಕಾತಿಗೆ ಪಿಎಚ್‌ಡಿ ಕಡ್ಡಾಯವೂ ಅಲ್ಲ, ನೆಟ್ ಅಥವಾ ರಾಜ್ಯದ ಸೆಟ್ ಸಾಕು. ಅದೇ ಅಂಕ ಹಿಡಿದು ನಾನು ಇನ್ನೂ ಓದಬೇಕು ಅಂತ ಹೋದರೆ ಒಂದು ವರ್ಷಕ್ಕೆ ಹಳಸಿಹೋಗುತ್ತೆ. ಕಲಿಸೋಕೆ ಮೂವತ್ತು ವರ್ಷ ಆದ ಮೇಲೂ ಸಾಕಾಗೋ ವಿದ್ಯೆ, ಕಲಿಯೋಕೆ ಹದಿಮೂರನೇ ತಿಂಗಳಿಗೇ ಸಾಲಲ್ಲ. ಇದಕ್ಕೆ ವಿದ್ವತ್ತಿನ ಕಾರಣ ಏನು ಅಂತ ನನಗಂತೂ ಹೊಳೆದಿಲ್ಲ. ಆಡಳಿತದ ಕಾರಣ ಹೊಳೆಯುತ್ತೆ. ಪರೀಕ್ಷೆ ವರ್ಷಕ್ಕೆರಡು ಸಲ ನಡೆಯುತ್ತೆ, ಹಳೇ ಅಂಕ ಹೊಸ ಅಂಕ ಬೆರೆಸಿ ಮೆರಿಟ್ ಪಟ್ಟಿ ಮಾಡೋದು ತಲೆನೋವು, ಅದಕ್ಕೆ ಹಳೇದನ್ನ ಬೇಗ ಎಸೆದುಬಿಡೋಣ ಅಂತ. ಸರಿ, ಹಾಗಾದರೆ ವಿಶ್ವವಿದ್ಯಾಲಯಗಳೂ ವರ್ಷಕ್ಕೆರಡು ಸಲ ಸೀಟು ಕರೀಬೇಕಲ್ಲ? ಈ ಹುಡುಗಿಯ ಅಂಕಕ್ಕೆ ಅಕ್ಟೋಬರ್‌ನಿಂದ ಅಕ್ಟೋಬರ್‌ವರೆಗೆ ಜೀವ ಇತ್ತು. ಅವಳು ಕಾಯ್ತಿದ್ದ ಎರಡು ವಿಭಾಗಗಳಲ್ಲಿ ಒಂದು ಆ ಹನ್ನೆರಡು ತಿಂಗಳಲ್ಲಿ ಪ್ರಕಟಣೆಯನ್ನೇ ಹೊರಡಿಸಲಿಲ್ಲ. ಇನ್ನೊಂದು ನವೆಂಬರ್‌ನಲ್ಲಿ ಹೊರಡಿಸಿತು. ಮತ್ತೆ ಪರೀಕ್ಷೆ ಬರೀತಿದಾಳೆ.

ಸೀಟು ಸಿಕ್ಕಿದ್ದರೂ ದುಡ್ಡಿನ ಕಡೆ ಆ ಒಂದು ಪ್ರಶ್ನೆ ಬಿಡ್ತಾ ಇರಲಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸೇರಿದರೆ ನಾನ್-ನೆಟ್ ಫೆಲೋಶಿಪ್ ಅಂತ ತಿಂಗಳಿಗೆ 8,000 ರೂಪಾಯಿ ಇದೆ. ಒಂದೇ ಮೇಜಿನ ಆಚೆ ಈಚೆ ಕೂತು, ಒಬ್ಬರೇ ಗೈಡ್ ಹತ್ತಿರ ಕೆಲಸ ಮಾಡೋ ಇಬ್ಬರಲ್ಲಿ ಒಬ್ಬರಿಗೆ 37,000, ಇನ್ನೊಬ್ಬರಿಗೆ 8,000. ರಾಜ್ಯದ ವಿಶ್ವವಿದ್ಯಾಲಯಕ್ಕೆ ಈ 8,000ದ ಯೋಜನೆ ಅನ್ವಯಿಸೋದೇ ಇಲ್ಲ. ನಮ್ಮ ಕೆಸೆಟ್ ಪಾಸ್ ಮಾಡಿದರೆ ಕರ್ನಾಟಕದಲ್ಲಿ ಅಧ್ಯಾಪಕರಾಗೋ ಅರ್ಹತೆ ಬರುತ್ತೆ, ಅದರಲ್ಲಿ ಫೆಲೋಶಿಪ್ ಇಲ್ಲ. ವಿಜ್ಞಾನದವರಿಗೆ ಇನ್ನೊಂದು ದಾರಿಯಾದರೂ ಉಂಟು. ಕೇಂದ್ರದ ವಿಜ್ಞಾನ ಇಲಾಖೆಗಳ ಪ್ರಾಜೆಕ್ಟ್‌ಗಳಲ್ಲಿ ಜೆಆರ್‌ಎಫ್ ಹುದ್ದೆಗೆ ನೆಟ್‌ನ ಅಧ್ಯಾಪಕ ಅರ್ಹತೆ ಅಥವಾ ಗೇಟ್ ಇದ್ದರೂ ಪರಿಗಣಿಸ್ತಾರೆ, ಸಂಬಳವೂ ಅದೇ 37,000. ಆದರೆ ಆ ದುಡ್ಡು ಪ್ರಾಜೆಕ್ಟಿನದು, ವ್ಯಕ್ತಿಯದಲ್ಲ. ಪ್ರಾಜೆಕ್ಟ್ ಮುಗಿದ ದಿನ ಅದೂ ಮುಗೀತು. ಕನ್ನಡ ಎಂಎ ಮಾಡಿದವರಿಗೆ ಅಂಥ ಪ್ರಾಜೆಕ್ಟ್ ಎಲ್ಲಿಂದ ಬರಬೇಕು?

ನಮ್ಮ ಹುಡುಗಿಗೆ ಕೊನೆಗೂ ಬೇರೊಂದು ಕಡೆ ಸೀಟು ಸಿಕ್ತು. ಲೆಟರ್ ಬಂದು ಹದಿನಾಲ್ಕು ತಿಂಗಳಾಗಿತ್ತು. ಅಲ್ಲಿಗೆ ಕಥೆ ಮುಗೀತು ಅಂದ್ಕೊಂಡರೆ, ದುಡ್ಡು ಇಳಿಯೋ ಪೈಪು ಇನ್ನೊಂದಿದೆ. ಯುಜಿಸಿ ಫೆಲೋಶಿಪ್ ನೇರವಾಗಿ ಬ್ಯಾಂಕ್ ಖಾತೆಗೆ ಬರುತ್ತೆ, ಕೆನರಾ ಬ್ಯಾಂಕ್ ನಡೆಸೋ ಪೋರ್ಟಲ್ ಮೂಲಕ. ಅದಕ್ಕೆ ಮೊದಲು ಸಂಸ್ಥೆಯವರು ಅವಳ ಜಾಯಿನಿಂಗ್ ರಿಪೋರ್ಟ್ ಏರಿಸಬೇಕು. ಆಮೇಲೆ ಪ್ರತಿ ತಿಂಗಳೂ ಈ ವಿದ್ಯಾರ್ಥಿನಿ ಇನ್ನೂ ಇಲ್ಲೇ ಸಂಶೋಧನೆ ಮಾಡ್ತಿದಾಳೆ ಅಂತ ದೃಢೀಕರಿಸಬೇಕು. ಸಂಸ್ಥೆಯಲ್ಲಿ ಒಬ್ಬರು ಮೇಕರ್, ಮಾಹಿತಿ ತುಂಬೋರು. ಇನ್ನೊಬ್ಬರು ಚೆಕರ್, ನೋಡಿ ಒಪ್ಪೋರು. ಬ್ಯಾಂಕಿಂಗ್ ಸಾಫ್ಟ್‌ವೇರ್ ಮಾಡಿದ ನಮ್ಮಂಥವರಿಗೆ ಇದು ಹಳೇ ಪರಿಚಯ, ಒಳ್ಳೆ ಪದ್ಧತಿಯೇ. ಆದರೆ ಚೆಕರ್ ವರ್ಗವಾಗಿ ಹೋಗಿ ಆ ಜಾಗಕ್ಕೆ ಯಾರ ಹೆಸರೂ ಬರದೇ ಇದ್ದರೆ ಮೇಕರ್ ತುಂಬಿದ್ದೆಲ್ಲ ಹಾಗೇ ಕೂತಿರುತ್ತೆ. ಇವಳ ವಿಷಯದಲ್ಲಿ ಆಗಿದ್ದು ಅದೇ. ಮೊದಲ ಹಣ ಬರೋಕೆ ನಾಲ್ಕು ತಿಂಗಳು. ಬಂದಾಗ ಹಿಂದಿನದ್ದೂ ಸೇರಿ ಬಂತು ಅನ್ನಿ, ಆದರೆ ನಾಲ್ಕು ತಿಂಗಳ ಹಾಸ್ಟೆಲ್ ಮೆಸ್ ಬಿಲ್ ಕಟ್ಟಿದ್ದು ಕೊಬ್ಬರಿ ದುಡ್ಡಲ್ಲಿ.

ಎರಡು ವರ್ಷದ ನಂತರ ಇದೇ ಪೈಪಿನಲ್ಲಿ ಇನ್ನೊಂದು ತಿರುವು ಬರುತ್ತೆ. 37,000 ತಾನಾಗೇ 42,000 ಆಗಲ್ಲ. ಸಮಿತಿ ಸೇರಬೇಕು, ವರದಿ ಬರಬೇಕು, ಅದನ್ನ ಮತ್ತೆ ಅದೇ ಮೇಕರ್ ಏರಿಸಬೇಕು. ಕೊನೆಯಲ್ಲೂ ಒಂದು ಮಜಾ ಇದೆ. ಐದು ವರ್ಷ ತುಂಬಿದ ದಿನ ಅಥವಾ ಪ್ರಬಂಧ ಸಲ್ಲಿಸಿದ ದಿನ, ಯಾವುದು ಮೊದಲೋ ಅಲ್ಲಿಗೆ ಫೆಲೋಶಿಪ್ ಬಂದ್. ನಾಲ್ಕನೇ ವರ್ಷಕ್ಕೇ ಚುರುಕಾಗಿ ಮುಗಿಸಿದವರು ಕೊನೆಯ ವರ್ಷದ 5,04,000 ರೂಪಾಯಿ ಬಿಟ್ಟು ಹೋಗಬೇಕು. ಮುಂದೆ ಕೆಲಸ ಗ್ಯಾರಂಟಿ ಇಲ್ಲದ ಕನ್ನಡ ಸಂಶೋಧಕಿ ಪ್ರಬಂಧ ಬರೆದು ಮುಗಿಸಿದ್ದರೂ ಯಾಕೆ ಸಲ್ಲಿಸದೆ ಇಟ್ಕೊಂಡಿರ್ತಾಳೆ ಅಂತ ಕೇಳೋರಿಗೆ ಈ ಲೆಕ್ಕ ಸಾಕು. ಅವಳು ಹಾಗೆ ಕೂತಷ್ಟು ದಿನ ಗೈಡ್‌ನ ನಾಲ್ಕರಲ್ಲಿ ಒಂದು ಸೀಟು ಖಾಲಿಯಾಗಲ್ಲ. ಹೊರಗೆ ಲೆಟರ್ ಹಿಡಿದು ನಿಂತಿರೋ ಇನ್ಯಾರದ್ದೋ ಮೂರು ವರ್ಷ ಕರಗ್ತಾ ಇರುತ್ತೆ. ಹದಿನೆಂಟು ತಿಂಗಳಿಗೊಂದು ಸೀಟು ಅನ್ನೋ ನನ್ನ ಲೆಕ್ಕದಲ್ಲಿ ಆರು ವರ್ಷ ಅಂತ ಹಿಡಿದಿದ್ದು ಅದಕ್ಕೇ.

ಹಳ್ಳಿ ಕಡೆಯ ತಂಗಿ ತಮ್ಮಂದಿರು ನಿಮಗೂ ಫೋನ್ ಮಾಡ್ತಾರೆ, ಊರಲ್ಲಿ ಓದಿದವರು ಅಂದರೆ ನಾವೇ ತಾನೆ. ಜೆಆರ್‌ಎಫ್ ಬಂತು ಅಂದಾಗ ಸಂತೋಷ ಪಡಿ, ಆಮೇಲೆ ಮೂರು ವಿಷಯ ಕೇಳಿ. ಲೆಟರ್ ಮೇಲಿರೋ ತಾರೀಖು ಯಾವುದು? ಫಲಿತಾಂಶದ ತಾರೀಖಲ್ಲ, ಲೆಟರ್‌ನದ್ದು. ಮನಸ್ಸಲ್ಲಿರೋ ಗೈಡ್ ಹತ್ತಿರ ಈಗ ಎಷ್ಟು ಜನ ಇದಾರೆ, ಅವರಲ್ಲಿ ಯಾರು ಯಾವಾಗ ಮುಗಿಸೋ ಅಂದಾಜಿದೆ? ಆ ಗೈಡ್ ನಿವೃತ್ತಿ ಯಾವ ವರ್ಷ? ಈ ಮೂರನೇದನ್ನ ಮೇಷ್ಟ್ರ ಮುಖಕ್ಕೇ ಕೇಳೋಕೆ ಹುಡುಗರಿಗೆ ಸಂಕೋಚ ಆಗುತ್ತೆ. ವಿಭಾಗದ ಕಚೇರಿಯಲ್ಲಿ ಕೇಳಿದರೆ ಹೇಳ್ತಾರೆ. ಖಾಲಿ ಸೀಟಿನ ಸಂಖ್ಯೆಯನ್ನ ಮುಂಚಿತವಾಗಿ ವೆಬ್‌ಸೈಟಲ್ಲಿ ಹಾಕಬೇಕು ಅಂತ 2022ರ ನಿಯಮಾವಳಿಯಲ್ಲೇ ಇದೆ. ಹಾಕಿಲ್ಲ ಅಂದರೆ ಒಂದು ಆರ್‌ಟಿಐ ಅರ್ಜಿ ಬರೆದುಕೊಡಿ, ಇಂಗ್ಲಿಷ್‌ನಲ್ಲೇ ಬರೀಬೇಕು ಅಂತೇನಿಲ್ಲ.